ರಕ್ತನಾಳ ಸ್ವಲ್ಪ ಸಣ್ಣ ಆದ್ರ ರಕ್ತ ಅಷ್ಟ್ಯಾಕ ಕಮ್ಮಿ ಹರಿತೈತಿ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿ ಕಡಿ ಪಿಯು ಕಾಲೇಜ್‌ನಾಗ ಫಿಸಿಕ್ಸ್ ಹೇಳ್ತೀನಿ, ಡಾಕ್ಟರ್ ಅಲ್ಲ. ಕಳೆದ ವರ್ಷ ನಮ್ಮ ಸೋದರಮಾವಗ ಆಂಜಿಯೋಗ್ರಾಂ ಮಾಡಿದ್ರು, ಹೃದಯದ ಮುಂದಿನ ದೊಡ್ಡ ನಾಳದಾಗ 70% ಬ್ಲಾಕ್ ಅಂತ ರಿಪೋರ್ಟ್ ಬಂತು. ಆವತ್ತಿಂದ ಮನಿಯವ್ರು, ಮಾವನ ಗೆಳೆಯರು, ನಮ್ಮ ಹುಡುಗ್ರು ಎಲ್ಲಾರೂ ಅದದ ಪ್ರಶ್ನಿ ಕೇಳಾಕತ್ಯಾರ, ಪ್ರತಿ ಸಲ ಹಾಳಿ ಮ್ಯಾಲ ಗೀಚಿ ತೋರ್ಸೋದು ಸಾಕಾಗಿ ಒಂದ ಕಡಿ ಬರ್ದಿಟ್ಟೀನಿ.

70% ಬ್ಲಾಕ್ ಅಂದ್ರ ಇನ್ನ 30% ರಕ್ತ ಹೋಗ್ತೈತಿ ಅಂತಲ್ಲೇನು?

ಅಲ್ರಿ. ಎಲ್ಲಾರೂ ಮೊದ್ಲ ಎಡವೋದ ಇಲ್ಲಿ. ಆಂಜಿಯೋಗ್ರಾಂ ರಿಪೋರ್ಟ್‌ನಾಗ ಬರೋ ಶೇಕಡಾ ಸಾಮಾನ್ಯವಾಗಿ ನಾಳದ ಅಗಲದ ಲೆಕ್ಕ, ರಕ್ತದ ಲೆಕ್ಕ ಅಲ್ಲ. ನಾಳ ಮೊದ್ಲ 3 ಮಿಲಿಮೀಟರ್ ಅಗಲ ಇತ್ತು ಅಂದ್ಕೊಳ್ರಿ, 70% ಅಂದ್ರ ಈಗ ಆ ಜಾಗದಾಗ 0.9 ಮಿಲಿಮೀಟರ್ ತೂತು ಉಳದೈತಿ. ತೂತಿನ ವಿಸ್ತೀರ್ಣ ನೋಡಿದ್ರ 30% ಅಲ್ಲ, ಬರೇ 9% ಉಳದೈತಿ. ಇನ್ನ ಆ ತುಂಡಷ್ಟ ತಗೊಂಡು, ಎರಡೂ ಕಡಿ ಒತ್ತಡ ಮೊದ್ಲಿನಷ್ಟ ಇಟ್ಟು ರಕ್ತ ಬಿಟ್ರ ಹರಿಯೋದು 9% ಸೈತ ಅಲ್ಲ, 1% ಕ್ಕೂ ಕಮ್ಮಿ, ಅಂದ್ರ 123ರಾಗ ಒಂದು ಪಾಲು.

ಇದನ್ನ ಕೇಳಿದ ತಕ್ಷಣ ನಮ್ಮತ್ತಿ ಅಳಾಕ ಶುರು ಮಾಡಿದ್ರು. ಹಂಗಾಗಿ ಈಗ ಹೇಳಿಬಿಡ್ತೀನಿ, ಈ 123ರಾಗ ಒಂದು ಅನ್ನೋದು ಆ ಸಣ್ಣ ತುಂಡಿಗೆ ಮಾತ್ರ ಖರೆ, ಇಡೀ ದಾರಿಗೆ ಅಲ್ಲ. ಅದು ಹೆಂಗ ಅಂತ ಕೆಳಗ ಬರ್ತೈತಿ, ಓದ್ಕೋತ ಬರ್ರಿ.

ಈ 123 ಎಲ್ಲಿಂದ ಬಂತು?

ಪ್ವಾಸೆಯ್ ಅನ್ನೋ ಫ್ರೆಂಚ್ ಡಾಕ್ಟರ್ ಇದ್ದ, 1797ರಾಗ ಹುಟ್ಟಿದವ. ರಕ್ತ ಸಣ್ಣ ನಾಳದಾಗ ಹೆಂಗ ಹರಿತೈತಿ ಅಂತ ತಿಳ್ಕೋಬೇಕು ಅಂತ ಹೊಂಟಿದ್ದ, ಆದ್ರ ರಕ್ತ ಹೆಪ್ಪುಗಟ್ಟತೈತಲ್ಲ, ಅದಕ್ಕ ಕೂದಲಿನಂತ ಸಣ್ಣ ಗಾಜಿನ ನಳಿಗಿ ತಗೊಂಡು ಅದರಾಗ ನೀರು ಹರಿಸಿ ಅಳದ. 1840ರ ಆಸುಪಾಸು ಅವನ ಲೆಕ್ಕ ಹೊರಗ ಬಂತು. ಹಾಗೆನ್ ಅನ್ನೋ ಜರ್ಮನ್ ಇಂಜಿನಿಯರ್ ಸೈತ ತನ್ನ ಪಾಡಿಗೆ ತಾನು 1839ರಾಗ ಅದನ್ನ ಕಂಡ್ಕೊಂಡಿದ್ದ. ಈಗ ನಾವು ಬರಿಯೋದು ಹಿಂಗ:

```
Q = π ΔP r⁴ / (8 η L)
```

Q ಅಂದ್ರ ಒಂದು ಸೆಕೆಂಡಿಗೆ ಎಷ್ಟು ಹರಿತೈತಿ ಅನ್ನೋದು, ΔP ಎರಡು ತುದಿ ನಡುವಿನ ಒತ್ತಡದ ವ್ಯತ್ಯಾಸ, L ನಳಿಗಿ ಉದ್ದ, η ದ್ರವದ ಸ್ನಿಗ್ಧತೆ, r ತ್ರಿಜ್ಯ. ನೋಡ್ರಿ, ಉಳಿದಿದ್ದೆಲ್ಲಾ ಒಂದೊಂದ ಸಲ ಬಂದಾವ, ತ್ರಿಜ್ಯ ಒಂದ ನಾಕು ಸಲ ಗುಣಿಸ್ಕೊಂಡು ಕುಂತೈತಿ. 0.3 ಅನ್ನ ನಾಕು ಸಲ ಗುಣಿಸ್ರಿ, 0.0081 ಬರ್ತೈತಿ, ಅದ 123ರಾಗ ಒಂದು.

ನಾಲ್ಕನೇ ಘಾತ ಯಾಕ? ವಿಸ್ತೀರ್ಣ ಅಂದ್ರ ಎರಡನೇ ಘಾತ ಅಲ್ಲೇನು?

ಬಾಳ ಚಲೋ ಪ್ರಶ್ನಿ. ನಮ್ಮ ಹುಡುಗ್ರು ಸೂತ್ರ ಬಾಯಿಪಾಠ ಮಾಡ್ತಾರ, ಇದನ್ನ ಯಾರೂ ಕೇಳಂಗಿಲ್ಲ.

ಮೊದ್ಲ ಸ್ನಿಗ್ಧತೆ ಅಂದ್ರ ಏನು ನೋಡ್ರಿ. ದ್ರವದ ಒಂದು ಪದರು ಪಕ್ಕದ ಪದರಿನ ಮ್ಯಾಲ ಜಾರುವಾಗ ಎಷ್ಟು ಉಜ್ಜಿ ಹಿಡ್ಕೋತೈತಿ ಅನ್ನೋದ ಸ್ನಿಗ್ಧತೆ. ನೀರು ಮಜ್ಜಿಗಿ ಕಮ್ಮಿ ಹಿಡ್ಕೋತೈತಿ, ಆರಿದ ಜೋಳದ ಅಂಬಲಿ ಜಾಸ್ತಿ, ಬೆಲ್ಲದ ಪಾಕ ಇನ್ನೂ ಜಾಸ್ತಿ. ರಕ್ತ ನೀರಿಗಿಂತ ಸುಮಾರು ನಾಕೈದು ಪಟ್ಟು ಹಿಡ್ಕೋತೈತಿ. ನಳಿಗಿಯೊಳಗ ಗ್ವಾಡಿಗೆ ಹತ್ತಿದ ಪದರು ಅಲ್ಲೇ ನಿಂತಿರ್ತೈತಿ, ಅದರ ಒಳಗಿನ ಪದರು ಮೆಲ್ಲಗ, ಅದರ ಒಳಗಿಂದು ಇನ್ನೊಂಚೂರು ಜೋರು, ನಟ್ಟನಡುವಿಂದು ಎಲ್ಲಕ್ಕಿಂತ ಜೋರು. ಎಡದಂಡಿ ಕಾಲುವಿ ಸೇತುವಿ ಮ್ಯಾಲ ನಿಂತು ಒಂದು ಬೇವಿನೆಲಿ ನಡುವ, ಒಂದು ದಂಡಿಗೆ ಒಗದ್ರ ಯಾವುದು ಮುಂದ ಹೋಗ್ತೈತಿ ಅಂತ ಸಣ್ಣಾವಿದ್ದಾಗ ಆಡಿದವ್ರಿಗೆ ಇದು ಹೇಳೋದ ಬ್ಯಾಡ.

ಈಗ ನಳಿಗಿ ಅರ್ಧ ಸಣ್ಣ ಮಾಡ್ರಿ. ಹಿಂದಿನಿಂದ ನೂಕೋ ಬಲ ಅಂದ್ರ ಒತ್ತಡ ಗುಣಿಸು ತೂತಿನ ವಿಸ್ತೀರ್ಣ, ತೂತು ಕಾಲು ಭಾಗ ಆತು ಅಂದ್ರ ನೂಕೋ ಬಲನೂ ಕಾಲು ಭಾಗ ಆತು. ಹಿಡಿದು ನಿಲ್ಲಿಸೋ ಬಲ ಏನಾತು? ಗ್ವಾಡಿಯ ಮೈ ಅರ್ಧ ಆತು, ಅದು ಲಾಭ, ಆದ್ರ ನಡುವಿನ ಪದರಿಗೂ ಗ್ವಾಡಿಗೂ ಇದ್ದ ಅಂತರ ಅರ್ಧ ಆದ್ದರಿಂದ ಅಷ್ಟ ವೇಗಕ್ಕ ಪದರು ಪದರಿನ ಉಜ್ಜಾಟ ಎರಡು ಪಟ್ಟು ಆತು. ಒಂದು ಅರ್ಧ, ಇನ್ನೊಂದು ಎರಡು ಪಟ್ಟು, ವಜಾ ಆಗಿ ಹೋತು. ಅಂದ್ರ ಅದ ವೇಗದಾಗ ಹರಿದ್ರ ಹಿಡಿಯೋ ಬಲ ಮೊದ್ಲಿನಷ್ಟ ಐತಿ, ನೂಕೋ ಬಲ ಮಾತ್ರ ಕಾಲು ಭಾಗ. ಹಂಗಾಗಿ ವೇಗ ಕಾಲು ಭಾಗಕ್ಕ ಇಳಿಬೇಕಾಗ್ತೈತಿ, ಬ್ಯಾರೆ ದಾರಿ ಇಲ್ಲ.

ವೇಗ ಕಾಲು, ತೂತು ಕಾಲು, ಕಾಲಿನಾಗ ಕಾಲು ಅಂದ್ರ ಹದಿನಾರರಾಗ ಒಂದು. ಒಂದು ಎರಡನೇ ಘಾತ ತೂತಿಂದು, ಇನ್ನೊಂದು ಎರಡನೇ ಘಾತ ಸ್ನಿಗ್ಧತೆ ಹುಟ್ಟಿಸಿದ್ದು. ಉಜ್ಜಾಟನ ಇಲ್ಲದ ದ್ರವ ಇದ್ದಿದ್ರ ಈ ಎರಡನೇದು ಬರ್ತಿದ್ದಿಲ್ಲ.

ನಮ್ಮ ಹೊಲದ ಮೋಟಾರ್ ಪೈಪ್ ಎರಡಿಂಚಿಂದು ತಗದು ಒಂದಿಂಚಿಂದು ಹಾಕಿದ್ರೂ ಹದಿನಾರರಾಗ ಒಂದ ಬರ್ತೈತೇನು?

ಇಲ್ಲ. ಅಷ್ಟು ಜೋರು ಹೋಗೋ ನೀರು ಪದರು ಪದರಾಗಿ ಹೋಗಂಗಿಲ್ಲ, ಸುಳಿ ಸುಳಿ ಆಗಿ ಕಲಕ್ಕೊಂಡು ಹೋಗ್ತೈತಿ, ಅಲ್ಲಿ ಈ ಸೂತ್ರ ನಡಿಯಂಗಿಲ್ಲ. ಒತ್ತಡ ಅಷ್ಟ ಇದ್ರ ಸುಮಾರು ಆರರಾಗ ಒಂದು ಪಾಲಿಗೆ ಇಳಿತೈತಿ. ಸಣ್ಣ ನಾಳದಾಗ ರಕ್ತ ಸಾವಕಾಶ ಹೋಗ್ತೈತಿ, ಅದಕ್ಕ ಅಲ್ಲಿ ಪ್ವಾಸೆಯ್ ಲೆಕ್ಕ ಹತ್ರ ಬರ್ತೈತಿ.

ಹಂಗಾದ್ರ 70% ಬ್ಲಾಕ್ ಇದ್ದವ್ರು ಕುಂತಾಗ ಆರಾಮ ಹೆಂಗ ಇರ್ತಾರ?

ಇದ ನಮ್ಮ ಮಾವನ ಪ್ರಶ್ನಿ. "ಅಳಿಯಾ, ಕುಂತ್ರ ನಿಂತ್ರ ಏನೂ ಇಲ್ಲ, ಕಾಲುವಿ ಏರಿ ಹತ್ತಿದ್ರ ಎದಿ ಹಿಡಿತೈತಿ, ಏರಿ ಮ್ಯಾಲ ಎರಡು ನಿಮಿಷ ನಿಂತ್ರ ಮತ್ತ ಹೋಗಿಬಿಡ್ತೈತಿ, ಬ್ಲಾಕ್ ಅಷ್ಟೊತ್ತು ಎಲ್ಲಿ ಹೋಗಿತ್ತು?" ಅಂದ್ರು. ಬ್ಲಾಕ್ ಎಲ್ಲೂ ಹೋಗಿದ್ದಿಲ್ಲ, ಅಲ್ಲೇ ಇತ್ತು, ಅದನ್ನ ಮುಚ್ಚಿಹಾಕ್ತಿದ್ದಿದ್ದು ಮುಂದಿನ ಸಣ್ಣ ನಾಳಗಳು.

ಮಾವಗ ಭತ್ತದ ಗದ್ದಿ ಐತಿ, ಅದಕ್ಕ ಕಾಲುವಿ ಲೆಕ್ಕದಾಗ ಹೇಳಿದೆ. ದೊಡ್ಡ ಕಾಲುವಿ ಐತಿ, ಕೊನಿಗೆ ನೂರಾರು ಸಣ್ಣ ತೂಬು ಅದಾವ. ತೂಬು ಯಾವಾಗ್ಲೂ ಅರ್ಧಂಬರ್ಧ ಮುಚ್ಚೇ ಇರ್ತಾವ, ಬೇಕಾದಷ್ಟ ನೀರು ಬಿಡ್ತಾರ. ದೊಡ್ಡ ಕಾಲುವಿಯಾಗ ಎಲ್ಲೋ ಹೂಳು ತುಂಬಿ ಸಣ್ಣ ಆದ್ರ ತೂಬಿನವ್ರು ತೂಬು ಇನ್ನೊಂಚೂರು ಎತ್ತಿ ಸರಿ ಮಾಡ್ಕೋತಾರ, ಗದ್ದಿಗೆ ಗೊತ್ತ ಆಗಂಗಿಲ್ಲ. ಹೃದಯದಾಗೂ ಹಂಗ. ಕಣ್ಣಿಗೆ ಕಾಣೋ ದೊಡ್ಡ ನಾಳದಾಗ ಅಡ್ಡಿ ಬಾಳ ಕಮ್ಮಿ, ನಿಜವಾದ ಅಡ್ಡಿ ಎಲ್ಲಾ ಮುಂದಿನ ಸಣ್ಣ ನಾಳಗಳಾಗ ಇರ್ತೈತಿ, ಅವಕ್ಕ ಸ್ನಾಯು ಇರ್ತೈತಿ, ಬೇಕಾದಂಗ ಸಡ್ಲ ಬಿಗಿ ಆಗ್ತಾವ. ಅವೂ ಇದ ನಾಲ್ಕನೇ ಘಾತ ಉಪಯೋಗಿಸ್ಕೋತಾವ, ತ್ರಿಜ್ಯ ಒಂಚೂರ ಬಿಟ್ರ ಸಾಕು, ಅಡ್ಡಿ ಬಾಳ ಇಳಿತೈತಿ.

ಅಂಕಿ ಹಾಕಿ ತೋರಿಸ್ರಿ

ಕೆಳಗಿನ ಅಂಕಿ ಯಾರ ರಿಪೋರ್ಟಿಂದೂ ಅಲ್ಲ, ಲೆಕ್ಕ ತಿಳಿಲಿ ಅಂತ ನಾನ ಹಿಡ್ಕೊಂಡಿದ್ದು. ಒತ್ತಡ 100 ಅನ್ರಿ. ಚಲೋ ಇದ್ದಾಗ ದೊಡ್ಡ ನಾಳದ ಆ ತುಂಡಿನ ಅಡ್ಡಿ 0.2, ಮುಂದಿನ ಸಣ್ಣ ನಾಳಗಳ ಅಡ್ಡಿ ಕುಂತಾಗ ಸುಮಾರು 100. ಒಟ್ಟು ಹರಿಯೋದು ಒತ್ತಡ ಭಾಗಿಸು ಒಟ್ಟು ಅಡ್ಡಿ, 100 ಭಾಗಿಸು 100, ಅಂದ್ರ 1. ಓಡಿದಾಗ ಸಣ್ಣ ನಾಳ ಪೂರ್ತಿ ಸಡ್ಲ ಆಗಿ ಅಡ್ಡಿ 25ಕ್ಕ ಇಳಿತೈತಿ ಅನ್ರಿ, ಅದರ ಕೆಳಗ ಇಳಿಯಾಕ ಆಗಂಗಿಲ್ಲ. ಆಗ ಹರಿಯೋದು ಹತ್ರ ಹತ್ರ 4. ಅಂದ್ರ ಈ ಹೃದಯಕ್ಕ ಬೇಕಂದಾಗ ನಾಕು ಪಟ್ಟು ರಕ್ತ ತಗೊಳ್ಳೋ ತಾಕತ್ತು ಐತಿ.

50% ಬ್ಲಾಕ್ ಆತು. ತುಂಡಿನ ಅಡ್ಡಿ ಹದಿನಾರು ಪಟ್ಟು, 0.2 ಇದ್ದಿದ್ದು 3.2 ಆತು. ಕುಂತಾಗ ಸಣ್ಣ ನಾಳ 100 ಇದ್ದಿದ್ದು 97ರ ಹತ್ರ ಇಳದ್ರ ಸಾಕು, ರಕ್ತ 1 ಇದ್ದಂಗ ಇರ್ತೈತಿ. ಓಡಿದಾಗ ಒಟ್ಟು ಅಡ್ಡಿ 28.2, ರಕ್ತ 3.5. ಮನಷ್ಯಾಗ ಗೊತ್ತ ಆಗಂಗಿಲ್ಲ.

70% ಆತು. ಅಡ್ಡಿ 123 ಪಟ್ಟು, ಸುಮಾರು 24.7. ಸಣ್ಣ ನಾಳ 75ಕ್ಕ ಇಳಿತಾವ, ಕುಂತಾಗ ರಕ್ತ ಈಗೂ 1, ಏನೂ ಕಮ್ಮಿ ಇಲ್ಲ! ಆದ್ರ ಏರಿ ಹತ್ತುವಾಗ ಒಟ್ಟು ಅಡ್ಡಿ 49.7ರ ಕೆಳಗ ಬರಂಗಿಲ್ಲ, ರಕ್ತ 2ಕ್ಕ ನಿಂತ್ಬಿಡ್ತೈತಿ. ಹೃದಯ ಮೂರು ಕೇಳ್ತೈತಿ, ಸಿಗೋದು ಎರಡು, ಎದಿ ಹಿಡಿತೈತಿ. ನಿಂತ್ಕೊಂಡ್ರ ಬೇಕಾಗಿರೋದ ಮತ್ತ ಒಂದಕ್ಕ ಇಳಿತೈತಿ, ನೋವು ಹೋಗ್ತೈತಿ. ಮಾವನ ಎರಡು ನಿಮಿಷದ ಕತಿ ಇದ.

ಈಗ 80% ಮಾಡ್ರಿ. ಅಡ್ಡಿ 625 ಪಟ್ಟು, ಅಂದ್ರ 125. ಸಣ್ಣ ನಾಳ ಪೂರ್ತಿ ಬಿಟ್ರೂ ಒಟ್ಟು 150, ರಕ್ತ 0.67. ಕುಂತಲ್ಲೇ ಮೂರರಾಗ ಒಂದು ಪಾಲು ಕಮ್ಮಿ ಆತು. ತೂಬು ಎಲ್ಲಾ ಮ್ಯಾಲ ಎತ್ತಿ ಆಗೈತಿ, ಇನ್ನ ಎತ್ತಾಕ ಉಳದಿಲ್ಲ.

50ರಿಂದ 70ಕ್ಕ ಹೋದಾಗ ಕುಂತಲ್ಲಿ ಏನೂ ಆಗ್ಲಿಲ್ಲ, 70ರಿಂದ 80ಕ್ಕ ಬರೇ ಹತ್ತು, ಅಷ್ಟಕ್ಕ ಇಷ್ಟು ಕುಸಿತ ಹೆಂಗ?

ಆ ಹತ್ತು ಸಣ್ಣದಲ್ಲ ಅದಕ್ಕ. ಹೋಗಿದ್ದನ್ನ ಎಣಿಸಬ್ಯಾಡ್ರಿ, ಉಳಿದಿದ್ದನ್ನ ಎಣಿಸ್ರಿ. 3 ಮಿಲಿಮೀಟರ್ ನಾಳದಾಗ 70% ಅಂದ್ರ 0.9 ಉಳದೈತಿ, 80% ಅಂದ್ರ 0.6 ಉಳದೈತಿ. ಇದ್ದದ್ದರಾಗ ಮೂರರಾಗ ಒಂದು ಪಾಲು ಹೋತಲ್ಲ! ಒಂದೂವರಿಯನ್ನ ನಾಕು ಸಲ ಗುಣಿಸ್ರಿ, ಐದು. ಅಡ್ಡಿ ಐದು ಪಟ್ಟು ಆತು. ಚಲೋ ಇದ್ದ ನಾಳ 0ಯಿಂದ 10%ಗೆ ಸಣ್ಣ ಆದ್ರ ಅಡ್ಡಿ ಒಂದೂವರಿ ಪಟ್ಟು ಆಗ್ತೈತಿ, ಆದ್ರ 0.2 ಇದ್ದಿದ್ದು 0.3 ಆದ್ರ ಯಾರಿಗೆ ಏನು?

1974ರಾಗ ಲಾನ್ಸ್ ಗೌಲ್ಡ್ ಅನ್ನೋ ಅಮೆರಿಕದ ಹೃದಯ ತಜ್ಞರು ನಾಯಿಗಳ ನಾಳ ಮೆಲ್ಲಗ ಬಿಗಿದು ಅಳದು ತೋರ್ಸಿದ್ರು. ವಿಶ್ರಾಂತಿಯಾಗಿನ ಹರಿವು ಅಗಲ ಸುಮಾರು 85% ಹೋಗೋತನಕ ಕದಲ್ಲಿಲ್ಲ, ಗರಿಷ್ಠ ಹರಿವು ಮಾತ್ರ ಅದಕ್ಕಿಂತ ಬಾಳ ಮೊದ್ಲ, 50% ಮುಟ್ಟೋದ್ರಾಗ ಇಳಿಯಾಕ ಶುರು ಆಗಿತ್ತು. ನನ್ನ ಲೆಕ್ಕದ ಗೆರಿ ಇದಕ್ಕ ಸರಿಯಾಗಿ ಕೂಡಂಗಿಲ್ಲ, ಆದ್ರ ಆಕಾರ ಅದ.

ಇಸಿಜಿ ನಾರ್ಮಲ್ ಬಂತು ಅಂದ್ರ ಬ್ಲಾಕ್ ಇಲ್ಲ ಅಂತೇನು?

ಮ್ಯಾಲಿನ ಲೆಕ್ಕ ಓದಿದ್ರ ಉತ್ತರ ನೀವ ಹೇಳ್ತೀರಿ. ಮಲಗಿಸಿ ಇಸಿಜಿ ತಗದಾಗ ಹೃದಯಕ್ಕ ಬೇಕಾಗಿದ್ದು 1, 70% ಇದ್ದವ್ರಿಗೂ ಅದು ಸಿಗ್ತೈತಿ, ಪಟ್ಟಿ ನೆಟ್ಟಗ ಬರಬಹುದು. ಮಾವಂದೂ ನೆಟ್ಟಗ ಬಂದಿತ್ತು, ಟ್ರೆಡ್‌ಮಿಲ್ ಮ್ಯಾಲ ಹತ್ತಿಸಿದಾಗ ಬದ್ಲಾತು. ನಡಿಸಿ ನೋಡೋದು ಅದಕ್ಕ.

ಒಬ್ಬ ಡಾಕ್ಟರ್ 60 ಅಂದ್ರು, ಇನ್ನೊಬ್ರು 70 ಅಂದ್ರು. ಯಾರದು ಸುಳ್ಳು?

ಇಬ್ರೂ ಸುಳ್ಳು ಹೇಳಿಲ್ಲ ಇರಬಹುದು. ಅದು ನೆರಳಿನ ಚಿತ್ರ, ಕಣ್ಣಿಂದ ಅಂದಾಜು ಹಾಕ್ತಾರ, ಯಾವ ಮಗ್ಗಲಿನಿಂದ ತಗದಾರ ಅನ್ನೋದ್ರ ಮ್ಯಾಲ ಬದ್ಲಾಗ್ತೈತಿ. ಉಳಿದ ತೂತು 0.9 ಇದ್ದಿದ್ದನ್ನ 0.8 ಅಂತ ಓದಿದ್ರ ತಪ್ಪಿದ್ದು ಒಂದು ಮಿಲಿಮೀಟರಿನ ಹತ್ತರಾಗ ಒಂದು ಪಾಲು ಅಷ್ಟ, ಆದ್ರ ಅಡ್ಡಿ ಲೆಕ್ಕ 60% ಏರಿಬಿಡ್ತೈತಿ. ನಾಲ್ಕನೇ ಘಾತ ತಪ್ಪನ್ನೂ ನಾಕು ಸಲ ಗುಣಿಸ್ತೈತಿ ನೋಡ್ರಿ.

ಅದಕ್ಕ ಬಾಳ ದೊಡ್ಡದೂ ಅಲ್ಲದ, ಸಣ್ಣದೂ ಅಲ್ಲದ ಬ್ಲಾಕ್‌ಗಳಿಗೆ ಎಫ್‌ಎಫ್‌ಆರ್ ಅನ್ನೋ ಅಳತಿ ಮಾಡ್ತಾರ. ಒತ್ತಡ ಅಳೆಯೋ ಸಣ್ಣ ತಂತಿ ಬ್ಲಾಕ್ ದಾಟಿಸಿ, ಔಷಧ ಕೊಟ್ಟು ಸಣ್ಣ ನಾಳ ಪೂರ್ತಿ ಸಡ್ಲ ಮಾಡಿ, ಬ್ಲಾಕ್ ಮುಂದಿನ ಒತ್ತಡ ಹಿಂದಿನ ಒತ್ತಡದಾಗ ಎಷ್ಟು ಪಾಲು ಅಂತ ನೋಡ್ತಾರ. 0.80 ಅಥವಾ ಅದಕ್ಕಿಂತ ಕಮ್ಮಿ ಬಂದ್ರ ಆ ಬ್ಲಾಕ್ ರಕ್ತ ತಡಿಯಾಕತ್ತೈತಿ ಅಂತ ಲೆಕ್ಕ. ಒತ್ತಡ ಅಡ್ಡಿಗೆ ತಕ್ಕಂಗ ಹಂಚ್ಕೋತೈತಿ, ಹಂಗಾಗಿ ನಮ್ಮ ಉದಾಹರಣಿಯಾಗ 50%ಗೆ 25 ಭಾಗಿಸು 28.2, ಅಂದ್ರ 0.89, ಪಾಸು. 70%ಗೆ 25 ಭಾಗಿಸು 49.7, ಅಂದ್ರ 0.50. ಅಗಲ ಊಹಿಸೋದು ಬಿಟ್ಟು ಪರಿಣಾಮನ ಅಳಿತಾರ, ನನಗ ಇದು ಬಾಳ ಸೇರಿದ ಯುಕ್ತಿ.

ಇನ್ನೊಂದು ಗೊಂದಲ. ಕೆಲವೊಂದ ಸ್ಕ್ಯಾನ್ ರಿಪೋರ್ಟ್‌ನಾಗ ಅಗಲ ಬಿಟ್ಟು ವಿಸ್ತೀರ್ಣದ ಶೇಕಡಾ ಬರ್ದಿರ್ತಾರ. ಅಗಲದಾಗ 50% ಅಂದ್ರ ವಿಸ್ತೀರ್ಣದಾಗ 75%. ಎರಡು ರಿಪೋರ್ಟ್ ಪಕ್ಕ ಪಕ್ಕ ಇಟ್ಟು "ಆರು ತಿಂಗಳಿಗೆ 25 ಏರೈತಿ" ಅಂತ ಗಾಬರಿ ಆಗೋಕಿಂತ ಮೊದ್ಲ ಎರಡೂ ಒಂದ ಲೆಕ್ಕದಾಗ ಅದಾವೇನು ಕೇಳ್ರಿ.

ರಕ್ತ ತೆಳು ಮಾಡೋ ಮಾತ್ರಿ ತಗೊಂಡ್ರ ಸ್ನಿಗ್ಧತೆ ಇಳಿದು ರಕ್ತ ಜಾಸ್ತಿ ಹರಿತೈತೇನು?

ಹೆಸರ ಮೋಸ ಮಾಡೈತಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇವು ರಕ್ತವನ್ನ ಮಜ್ಜಿಗಿಯಂಗ ತೆಳು ಮಾಡಂಗಿಲ್ಲ, ಹೆಪ್ಪುಗಟ್ಟೋದನ್ನ ತಡಿತಾವ ಅಷ್ಟ. ಸ್ನಿಗ್ಧತೆ ಹೆಚ್ಚಾಗಿ ಕೆಂಪು ರಕ್ತಕಣ ಎಷ್ಟು ಅದಾವ ಅನ್ನೋದ್ರ ಮ್ಯಾಲ ನಿಂತಿರ್ತೈತಿ. ರಕ್ತದಾಗ ಅವುಗಳ ಪಾಲು ಸಾಮಾನ್ಯವಾಗಿ 45%ರ ಆಸುಪಾಸು, 60% ಆದ್ರ ಸ್ನಿಗ್ಧತೆ ಸುಮಾರು ಎರಡು ಪಟ್ಟು ಆಗ್ತೈತಿ. ರಾಯಚೂರ ಬಿಸಿಲಿಗೆ ನೀರು ಕುಡಿಲಾರದ ದಿನಾ ಪೂರ್ತಿ ದುಡದವ್ರ ರಕ್ತನೂ ಒಂಚೂರು ಗಟ್ಟಿ ಆಗ್ತೈತಿ, ನೀರು ಕುಡದ್ರ ಸರಿ ಹೋಗ್ತೈತಿ.

ಆದ್ರ ತೂಕ ಮಾಡಿ ನೋಡ್ರಿ. ಸ್ನಿಗ್ಧತೆ ಎರಡು ಪಟ್ಟು ಆದ್ರ ಹರಿವು ಅರ್ಧ. ಅಷ್ಟ ಅರ್ಧ ಆಗಾಕ ತ್ರಿಜ್ಯ ಬರೇ 16% ಸಣ್ಣ ಆದ್ರ ಸಾಕು.

ಡ್ರಿಪ್ ಹಾಕೋ ಸೂಜಿಗೂ ಇದ ಲೆಕ್ಕೇನು?

ಹೌದು. ಅಪಘಾತ ಆಗಿ ರಕ್ತ ಹೋದವ್ರು ಬಂದ್ರ ದಪ್ಪ ಸೂಜಿ ಚುಚ್ತಾರ, ಮಂದಿ "ಅಯ್ಯೋ ಅಷ್ಟು ದಪ್ಪಂದು ಯಾಕ್ರಿ" ಅಂತಾರ. ಪ್ಯಾಕೆಟ್ ಮ್ಯಾಲ ನಿಮಿಷಕ್ಕ ಎಷ್ಟು ಮಿಲಿ ಹೋಗ್ತೈತಿ ಅಂತ ಬರ್ದಿರ್ತಾರ, ಹಸಿರು ಬಣ್ಣದ 18 ನಂಬರಿಂದು ಸುಮಾರು 90, ನೀಲಿ ಬಣ್ಣದ 22ರದ್ದು ಸುಮಾರು 36. ಹೊರಗಿನ ಅಗಲ 1.3 ಮತ್ತು 0.9 ಮಿಲಿಮೀಟರ್, ಬರೇ ನಾಲ್ಕನೇ ಘಾತ ಹಾಕಿದ್ರ ನಾಕು ಪಟ್ಟಿಗೂ ಮ್ಯಾಲ ಬರಬೇಕಿತ್ತು, ಬಂದಿದ್ದು ಎರಡೂವರಿ. ನೀಲಿದು ಗಿಡ್ಡ ಇರ್ತೈತಿ, ಅದರ L ಕಮ್ಮಿ, ಅದೊಂದು ಕಾರಣ. ಮತ್ತ ಹಿಂದಿನ ಪೈಪಿನ ಅಡ್ಡಿ ಎರಡಕ್ಕೂ ಒಂದ, ಅಂದ್ರ ಇಲ್ಲೂ ಅದ ಕತಿ, ಒಂದು ತುಂಡಿನ ಲೆಕ್ಕ ಇಡೀ ದಾರಿ ಲೆಕ್ಕ ಅಲ್ಲ.

ಈ ಸೂತ್ರ ಎಲ್ಲಿ ಸೋಲ್ತೈತಿ?

ನಾಕೈದು ಕಡಿ ಸೋಲ್ತೈತಿ, ಎರಡು ಹೇಳ್ತೀನಿ. ಬ್ಲಾಕಿನ ಸಂದಿಯಿಂದ ರಕ್ತ ಪಿಚಕಾರಿಯಂಗ ಹೊರಗ ಬಿದ್ದು ಮುಂದಿನ ಅಗಲ ಜಾಗದಾಗ ಸುಳಿ ಏಳ್ತೈತಿ, ಅಲ್ಲಿ ಹೋಗೋ ಒತ್ತಡ ಮತ್ತ ವಾಪಸ್ ಬರಂಗಿಲ್ಲ. ಈ ನಷ್ಟ ಹರಿವಿನ ವರ್ಗದಂಗ ಏರ್ತೈತಿ, ಅಂದ್ರ ಓಡುವಾಗ ಪ್ವಾಸೆಯ್ ಹೇಳಿದ್ದಕ್ಕಿಂತ ಇನ್ನೂ ಜಾಸ್ತಿ ತ್ರಾಸ. ಇನ್ನೊಂದು, ಕೂದಲಿಗಿಂತ ಸಣ್ಣ ನಾಳದಾಗ ರಕ್ತ ಅಂದಾಜಿಗಿಂತ ಸರಾಗ ಹೋಗ್ತೈತಿ, ಕಣ ಎಲ್ಲಾ ನಡುವ ಸರದು ಗ್ವಾಡಿ ಮಗ್ಗಲ ಬರೇ ತೆಳು ದ್ರವ ಉಳಿತೈತಿ. 1931ರಾಗ ಫಾರೇಯಸ್ ಮತ್ತು ಲಿಂಡ್‌ಕ್ವಿಸ್ಟ್ ಇದನ್ನ ತೋರ್ಸಿದ್ರು.

ಹಂಗಾದ್ರ 40% ಬ್ಲಾಕ್ ಇದ್ದವ್ರು ನಿಶ್ಚಿಂತಿ ಇರಬಹುದಲ್ಲ?

ಇಲ್ಲ, ದಯವಿಟ್ಟು ಈ ಪುಟ ಓದಿ ಹಂಗ ಅನ್ಕೋಬ್ಯಾಡ್ರಿ. ಈ ಲೆಕ್ಕ ಹೇಳೋದು ನಡದಾಗ ಯಾಕ ಎದಿ ಹಿಡಿತೈತಿ ಅನ್ನೋದನ್ನ. ಹಾರ್ಟ್ ಅಟ್ಯಾಕ್ ಬ್ಯಾರೆ. ಗ್ವಾಡಿಗೆ ಹತ್ತಿದ ಕೊಬ್ಬಿನ ಗಡ್ಡಿ ಬಿರಕು ಬಿಟ್ಟು ಅದರ ಮ್ಯಾಲ ರಕ್ತ ಹೆಪ್ಪುಗಟ್ಟಿ ನಾಳ ಏಕ್‌ದಂ ಮುಚ್ಚತೈತಿ. 40% ಇದ್ದದ್ದು ಕೆಲವೇ ನಿಮಿಷದಾಗ 100% ಆಗಬಹುದು, ತ್ರಿಜ್ಯ ಸೊನ್ನಿ ಆದ ಮ್ಯಾಲ ಎಷ್ಟನೇ ಘಾತ ಹಾಕಿದ್ರೇನು. ಕುಂತಲ್ಲೇ ಎದಿ ಹಿಡದು ಬೆವರು ಬಂದ್ರ, ನಿಂತ್ರೂ ಹೋಗಲಿಲ್ಲ ಅಂದ್ರ ಲೆಕ್ಕ ಹಾಕೋತ ಕೂಡಬ್ಯಾಡ್ರಿ, ಗಾಡಿ ತಗದು ಹತ್ತಿರದ ದವಾಖಾನಿಗೆ ಹೋಗ್ರಿ. ಅಂದಂಗ ಆ ಹೆಪ್ಪು ತಡಿಯಾಕ ಅಂತನ ಮಾವಗ ಆಸ್ಪಿರಿನ್ ಕೊಟ್ಟಾರ, ರಕ್ತ ತೆಳು ಮಾಡಾಕಲ್ಲ.

ಮಾವಗ ಏನ್ ಮಾಡಿದ್ರು?

ಸ್ಟೆಂಟ್ ಹಾಕಿದ್ರು. 0.9 ಇದ್ದದ್ದು ಮತ್ತ 3ರ ಹತ್ರ ಬಂತು. "ಎಷ್ಟು ಅಗಲ ಮಾಡ್ಯಾರೋ ಅಳಿಯಾ?" ಅಂತ ಕೇಳಿದ್ರು, ಎರಡು ಮಿಲಿಮೀಟರ್ ಅಂದೆ. "ಅಷ್ಟಕ್ಕ ಇಷ್ಟು ರೊಕ್ಕ?" ಅಂದ್ರು. ಈಗ ಏರಿ ಹತ್ತಿ ಆ ಕಡಿ ಇಳದು ಗದ್ದಿಗೆ ಹೋಗಿ ಬರ್ತಾರ, ನಡುವ ನಿಲ್ಲಂಗಿಲ್ಲ.